ಯುಕೆಜಿಯ ಎರಡನೇ ವರ್ಷ ನಷ್ಟವಲ್ಲ

ಮಗು ಯುಕೆಜಿಯಲ್ಲಿ ಇನ್ನೊಂದು ವರ್ಷ ಉಳಿದರೆ ಆ ವರ್ಷ ವ್ಯರ್ಥ, ಮನೆತನಕ್ಕೆ ಅವಮಾನ ಎಂಬ ವಾದ ತಪ್ಪು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿತು. ಪೋಷಕರ ಒತ್ತಾಯದಿಂದ 2025-26ನೇ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಆದರೆ ಪ್ರವೇಶದ ಅರ್ಹತೆಯೇ ಕಲಿಕೆಯ ಸಿದ್ಧತೆಯಲ್ಲ.

ಇಟಗಿಯಂಥ ಊರಿನಲ್ಲಿ 2019ರ ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವೊಂದನ್ನು ಊಹಿಸಿಕೊಳ್ಳಬಹುದು. 2025ರಲ್ಲಿ ಒಂದನೇ ತರಗತಿ ಸೇರಿದರೆ ಅದರ ಪಕ್ಕದಲ್ಲಿ ಒಂದು ವರ್ಷ ದೊಡ್ಡ ಮಕ್ಕಳು ಕೂರುತ್ತಾರೆ. ‘ಕಮಲ’ದ ಮೊದಲ ಅಕ್ಷರದ ಧ್ವನಿ ಗುರುತಿಸುವುದು, ಐದು ಹುಣಸೆಬೀಜ ಎಣಿಸಿ ಕೊಡುವುದು, ಒಟ್ಟಿಗೆ ಹೇಳಿದ ಎರಡು ಕೆಲಸ ನೆನಪಿಟ್ಟು ಮಾಡುವುದು ಅದಕ್ಕೆ ಇನ್ನೂ ಒಗ್ಗಿಲ್ಲವೆಂದರೆ ಅದು ದಡ್ಡತನವಲ್ಲ, ಎಳೆತನ. ಇದನ್ನು ಪೋಷಕರಿಗೆ ಅಂಕಗಳಿಂದಲ್ಲ, ಹುಟ್ಟಿದ ದಿನಾಂಕದಿಂದ ವಿವರಿಸಬೇಕು. ಒಂದನೇ ತರಗತಿ ಸೇರಿದ ಮೇಲೆ ಶಿಕ್ಷಣ ಹಕ್ಕು ಕಾಯ್ದೆಯಡಿ ಮಗುವನ್ನು ಅಲ್ಲೇ ಉಳಿಸಿಕೊಳ್ಳಲಾಗದು. ನಿರ್ಧಾರ ಅದಕ್ಕೂ ಮೊದಲೇ ಆಗಬೇಕು.

ಎರಡನೇ ವರ್ಷಕ್ಕೂ ಮಿತಿಯಿದೆ. ಗುಳೆ ಹೋಗಿ ಪಾಠ ತಪ್ಪಿದ ಮಗುವಿಗೆ ಬೇಕಿರುವುದು ಇನ್ನೊಂದು ವರ್ಷವಲ್ಲ, ಹಾಜರಾತಿ. ಕಿವಿ ಮಂದವಿದ್ದರೆ ತಪಾಸಣೆ ಬೇಕು. ಎರಡನೇ ವರ್ಷವೂ ಅದೇ ಕಾಪಿ ಪುಸ್ತಕ ತಿದ್ದಿಸಿದರೆ ಮಾತ್ರ ಆ ವರ್ಷ ನಿಜಕ್ಕೂ ವ್ಯರ್ಥ.