ಮೊಬೈಲ್‌ನಲ್ಲಿ 768, ಬ್ಯಾಂಕಿನಲ್ಲಿ 691: ಯಾವುದು ಲೆಕ್ಕಕ್ಕೆ?



ಎರಡು ಹಸು ಕೊಳ್ಳಲು ಸಾಲ ಬೇಕೆಂದು ನೀವು ಬ್ಯಾಂಕಿಗೆ ಹೋಗುತ್ತೀರಿ ಎನ್ನಿ. ಹಿಂದಿನ ದಿನ ಮೊಬೈಲ್‌ನಲ್ಲಿ ನೋಡಿದಾಗ ಅಂಕ 768 ಇತ್ತು. ಬ್ಯಾಂಕಿನವರು "ನಿಮ್ಮ ಸಿಬಿಲ್ 691, ಸಾಲ ಕಷ್ಟ" ಎನ್ನುತ್ತಾರೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ನಾವು ಎಲ್ಲ ಅಂಕವನ್ನೂ ಸಿಬಿಲ್ ಎಂದೇ ಕರೆಯುತ್ತೇವೆ. ಆದರೆ ದೇಶದಲ್ಲಿ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾಲ್ಕೂ 300ರಿಂದ 900ರೊಳಗೆ ಅಂಕ ಕೊಡುತ್ತವೆ, ಆದರೆ ಲೆಕ್ಕ ಹಾಕುವ ಸೂತ್ರ ಒಬ್ಬೊಬ್ಬರದು ಒಂದೊಂದು. ಒಂದೇ ಹಸುವಿನ ಹಾಲಾದರೂ ಬೆಳಗಿನ ಫ್ಯಾಟ್ ಬೇರೆ, ಸಂಜೆಯ ಫ್ಯಾಟ್ ಬೇರೆ ಬರುವಂತೆ, ಅಂಕ ತೆಗೆದ ದಿನವೂ ವ್ಯತ್ಯಾಸ ತರುತ್ತದೆ.

ಅಂತರ ಹೀಗೆ 70–80 ಇದ್ದರೆ ಮಾತ್ರ ಸೂತ್ರವನ್ನಷ್ಟೇ ದೂರಬೇಡಿ, ವರದಿ ತೆರೆದು ನೋಡಿ. ಕಳೆದ ವರ್ಷ ತೀರಿಸಿದ ಚಿನ್ನದ ಸಾಲ ಒಂದು ಕಂಪನಿಯ ವರದಿಯಲ್ಲಿ "ಮುಕ್ತಾಯ" ಎಂದಿದ್ದು, ಇನ್ನೊಂದರಲ್ಲಿ 9,400 ರೂಪಾಯಿ ಬಾಕಿ ಎಂದೇ ಉಳಿದಿರಬಹುದು. 691ರ ಗುಟ್ಟು ಅಲ್ಲಿರಬಹುದು.

ಹಾಗಾದರೆ ಬ್ಯಾಂಕು ಯಾವುದನ್ನು ನಂಬುತ್ತದೆ? ತಾನು ತರಿಸಿಕೊಂಡ ಕಂಪನಿಯ ಅಂಕವನ್ನು. ಯಾವ ಕಂಪನಿ, ಎಷ್ಟು ಅಂಕ ಸಾಕು ಎಂಬುದು ಆಯಾ ಬ್ಯಾಂಕಿನ ನಿರ್ಧಾರ. ಕೆಲವರು ಎರಡು ಕಂಪನಿಗಳ ವರದಿ ತರಿಸುವುದೂ ಉಂಟು. ಅಂಕದ ಜೊತೆಗೆ ಕಂತು ತಪ್ಪಿದ್ದು, ಬಾಕಿ ಉಳಿದದ್ದು, ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ ಸಾಲ, ಇವನ್ನೂ ನೋಡುತ್ತಾರೆ. ಡೇರಿಗೆ ತಪ್ಪದೆ ಹಾಲು ಹಾಕಿದ್ದು ಮಾತ್ರ ಈ ವರದಿಯಲ್ಲಿ ಇರುವುದಿಲ್ಲ. ಹಾಲಿನ ಬಿಲ್ ಜಮೆಯಾದ ಪಾಸ್‌ಬುಕ್ಕನ್ನು ನೀವೇ ಒಯ್ದು ತೋರಿಸಬೇಕು.

ಆದ್ದರಿಂದ "ಅಂಕ ಕಡಿಮೆ" ಎಂದರೆ ಸುಮ್ಮನೆ ಎದ್ದು ಬರಬೇಡಿ. "ಯಾವ ಕಂಪನಿಯ ವರದಿ, ಯಾವ ತಾರೀಖಿನದು?" ಎಂದು ಕೇಳಿ. ಅದೇ ಕಂಪನಿಯ ಜಾಲತಾಣದಲ್ಲಿ ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ. ನಿಮ್ಮ ವರದಿಯನ್ನು ನೀವೇ ನೋಡಿದರೆ ಅಂಕ ಇಳಿಯುವುದಿಲ್ಲ. ತಪ್ಪು ಕಂಡರೆ ಸಾಲ ತೀರಿದ ಪತ್ರದೊಂದಿಗೆ ಆ ಸಾಲ ಕೊಟ್ಟವರಿಗೂ ಆ ಕಂಪನಿಗೂ ದೂರು ಕೊಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ದಿನದಲ್ಲಿ ದೂರು ಇತ್ಯರ್ಥವಾಗದಿದ್ದರೆ, ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು.

ಕಂಪನಿಯ ಹೆಸರು ಹೇಳದೆ ಬರೀ ಅಂಕ ಹೇಳಿ ರೈತರನ್ನು ವಾಪಸು ಕಳಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಫ್ಯಾಟ್ ಕಡಿಮೆ ಬಂದಾಗ ಡೇರಿಯಲ್ಲಿ ಚೀಟಿ ಕೇಳಿ ಪಡೆಯುವ ನಾವು, ಬ್ಯಾಂಕಿನಲ್ಲೂ ಕೇಳೋಣ.