ಮೂವತ್ತು ಸೆಕೆಂಡಿನ ತೊಡದೇವು

ಶಿರಸಿ ತಾಲೂಕಿನ ಹೆಗಡೆಕಟ್ಟಾದಲ್ಲಿ ತೊಡದೇವು ಮಾರುವ ಒಂದು ಚಿಕ್ಕ ಅಂಗಡಿ ಇದೆಯೆಂದು ಭಾವಿಸಿಕೊಳ್ಳಬಹುದು. ಅದರ ಯಜಮಾನನಿಗೆ ಆಕಾಶವಾಣಿಯಲ್ಲಿ ಜಾಹೀರಾತು ಕೊಡುವ ಮನಸ್ಸಾಗಿದೆ. ಊರವರಿಗಾಗಿ ಕನ್ನಡ, ಯಾಣದ ಬಂಡೆಗಳನ್ನು ನೋಡಲು, ಮಾರಿಕಾಂಬೆಯ ಜಾತ್ರೆಗೆ ಬರುವ ದೂರದವರಿಗಾಗಿ ಹಿಂದಿ. ಅವಧಿ ಮೂವತ್ತೇ ಸೆಕೆಂಡು.

ಯಜಮಾನ ಮೊದಲು ಮಾಡುವ ಕೆಲಸವನ್ನು ಊಹಿಸುವುದು ಕಷ್ಟವಲ್ಲ. ಶುಚಿ, ರುಚಿ, ಶುದ್ಧ ತುಪ್ಪ ಎಂದು ಆರಂಭಿಸಿ, ಅಂಗಡಿಯ ಒಂಬತ್ತು ತಿಂಡಿಗಳ ಹೆಸರನ್ನೂ ಬರೆದು, ಅಷ್ಟನ್ನೂ ಮತ್ತೆ ಹಿಂದಿಗೆ ತಿರುಗಿಸಿ ತರುತ್ತಾನೆ. ಎರಡೂ ಸೇರಿದರೆ ಸುಮಾರು 250 ಅಕ್ಷರ. ಸಾವಧಾನವಾಗಿ ಓದುವವನ ಬಾಯಲ್ಲಿ ಸೆಕೆಂಡಿಗೆ ಐದಾರು ಅಕ್ಷರಗಳಿಗಿಂತ ಹೆಚ್ಚು ಹೊರಡುವುದಿಲ್ಲ. ಆದ್ದರಿಂದ ಇದಕ್ಕೆ ನಲವತ್ತು ಸೆಕೆಂಡಿಗಿಂತ ಹೆಚ್ಚೇ ಬೇಕು. ಆಕಾಶವಾಣಿಯ ದರ ಹತ್ತು ಸೆಕೆಂಡಿನ ಗಣನೆಯದು. ಬರಹ ಬೆಳೆದರೆ ಹಣವೂ ಬೆಳೆಯುತ್ತದೆ. ಹಣ ಉಳಿಸಲೆಂದು ಅವಸರದಿಂದ ಓದಿದರೆ ಕೊನೆಯಲ್ಲಿರುವ ಊರ ಹೆಸರೇ ನುಂಗಿಹೋಗುತ್ತದೆ. ಕೇಳುಗನಿಗೆ ಬಾಯಲ್ಲಿ ನೀರೂರಿತು, ಆದರೆ ಎಲ್ಲಿಗೆ ಹೋಗಬೇಕೆಂಬುದು ತಿಳಿಯಲಿಲ್ಲ!

ಎರಡು ಭಾಷೆಯ ಜಾಹೀರಾತಿಗೆ ಅನುವಾದವೇ ಮುಖ್ಯ ಶತ್ರು. ಅನುವಾದ ಮಾಡಿದರೆ ಇರುವ ಸಮಯ ಅರ್ಧವಾಗುತ್ತದೆ. ಇನ್ನೊಂದು ಅಪಾಯವೂ ಉಂಟು. ಮಲೆನಾಡಿನ ಆಲೆಮನೆಯಲ್ಲಿ ಕಬ್ಬಿನ ರಸಕ್ಕೆ ‘ಕಬ್ಬಿನ ಹಾಲು’ ಎನ್ನುತ್ತಾರೆ. ಅದನ್ನು ಪದಕ್ಕೆ ಪದವಿಟ್ಟು ‘ಗನ್ನೇ ಕಾ ದೂಧ್’ ಎಂದರೆ ಹಿಂದಿ ಬಲ್ಲವನು ನಕ್ಕು ಮುಂದೆ ಹೋಗುತ್ತಾನೆ. ಅಲ್ಲಿ ‘ರಸ್’ ಎನ್ನಲೇಬೇಕು. ತಿಂಡಿಯ ಹೆಸರನ್ನು ಮಾತ್ರ ಅನುವಾದಿಸಕೂಡದು, ಬದಲಿಸಕೂಡದು. ಕೊಳ್ಳುವವನು ಅಂಗಡಿಯಲ್ಲಿ ಕೇಳಬೇಕಾದದ್ದು ಅದೇ ಹೆಸರನ್ನು.

ಆದ್ದರಿಂದ ಎರಡು ಭಾಷೆಗಳಿಗೂ ಬೇರೆ ಬೇರೆ ಕೆಲಸ ಹಂಚುವುದು ಲೇಸು. ತಿಂಡಿ ಹೇಗಾಯಿತೆಂಬುದನ್ನು ಕನ್ನಡ ಹೇಳಲಿ, ತಿಂದವನ ಸಂತೋಷವನ್ನು ಹಿಂದಿ ಹೇಳಲಿ. ಹಾಗೆ ಬರೆದ ಒಂದು ಪ್ರತಿ ಇಲ್ಲಿದೆ:

(ಕಾದ ಮಡಕೆಯ ಮೇಲೆ ಹಿಟ್ಟು ಬಳಿದ ‘ಚುಂಯ್’ ಸದ್ದು — ಎರಡು ಸೆಕೆಂಡು)

ಮಗಳು: ಆಯಿ, ಇದು ಕಾಗದವೇ?

ತಾಯಿ: ಅಲ್ಲ ಕೂಸೇ, ತೊಡದೇವು! ಅಕ್ಕಿಹಿಟ್ಟು, ಕಬ್ಬಿನ ಹಾಲು. ಮಡಕೆಯ ಮೇಲೆ ತೆಳ್ಳಗೆ ಬಳಿದದ್ದು.

(ತೊಡದೇವು ಮುರಿದ ಸದ್ದು — ಒಂದು ಸೆಕೆಂಡು)

ಪ್ರವಾಸಿ: ವಾಹ್! ಮುಂಹ್ ಮೇಂ ರಖ್ತೇ ಹೀ ಘುಲ್ ಗಯಾ! ಇಸ್ಕಾ ನಾಮ್?

ತಾಯಿ: ತೊಡದೇವು!

ಪ್ರವಾಸಿ: ತೊಡದೇವು! ಚಾವಲ್ ಔರ್ ಗನ್ನೇ ಕೇ ರಸ್ ಕೀ ಮಿಠಾಈ. ಏಕ್ ಡಿಬ್ಬಾ ಘರ್ ಕೇ ಲಿಯೇ!

ಉದ್ಘೋಷಕ: ತೊಡದೇವಿನ ಅಂಗಡಿ, ಬಸ್ಸು ನಿಲ್ಲುವಲ್ಲಿ, ಹೆಗಡೆಕಟ್ಟಾ.

ಉದ್ಘೋಷಕ: ಹೆಗಡೆಕಟ್ಟಾ, ಸಿರ್ಸೀ ಕೇ ಪಾಸ್.

ಇದರಲ್ಲಿ ಮಾತು 104 ಅಕ್ಷರ. ಹಿಂದಿಯನ್ನು ಬರೆದಂತೆ ಎಣಿಸದೆ ನುಡಿದಂತೆ ಎಣಿಸಬೇಕು. ‘ರಸ್’ ಎಂಬುದು ಕಿವಿಗೆ ಒಂದೇ ಅಕ್ಷರ. ಸೆಕೆಂಡಿಗೆ ಐದರಂತೆ ಮಾತಿಗೆ 21 ಸೆಕೆಂಡು, ಸದ್ದುಗಳಿಗೆ ಮೂರು, ಮಾತು ಬದಲಾಗುವ ಆರು ಕಡೆಗಳಲ್ಲಿ ಉಸಿರಿಗೆ ಮೂರು, ಒಟ್ಟು 27. ಮಿಕ್ಕ ಮೂರು ಸೆಕೆಂಡನ್ನು ತುಂಬಿಸಲು ಹೋಗಬಾರದು. ಓದುವವನು ತುಸು ನಿಧಾನಿಸಿದರೂ ಊರ ಹೆಸರು ಕೆಡದಂತೆ ಕಾಯುವುದು ಆ ಬಿಡುವೇ.

ಹೆಸರು ಮೂರು ಬಾರಿ ಮರಳಿದ್ದಲ್ಲದೆ, ಅಂಗಡಿಯ ಹೆಸರಿನಲ್ಲಿಯೂ ಸೇರಿದೆ. ಇದು ಹಳೆಯ ಜಾಣ್ಮೆ. ವಿವಿಧ ಭಾರತಿಯಲ್ಲಿ ಜಾಹೀರಾತು ಬಂದದ್ದು 1967ರಲ್ಲಿ. ಅದಕ್ಕೂ ಮುಂಚೆ, 1952ರಿಂದಲೇ, ರೇಡಿಯೋ ಸಿಲೋನಿನ ‘ಬಿನಾಕಾ ಗೀತ್‌ಮಾಲಾ’ ತನ್ನ ಹೆಸರಿನಲ್ಲಿಯೇ ಹಲ್ಲುಜ್ಜುವ ಪೇಸ್ಟನ್ನು ಹೊತ್ತು ಮನೆಮನೆಗೆ ಬರುತ್ತಿತ್ತು. ಹಿಂದಿ ಬಾರದವರಿಗೂ ಆ ಹೆಸರು ಬಂತು.

ಮಾತು ದಿಟವಾಗಿರಬೇಕೆಂಬುದೂ ಗಮನಾರ್ಹ. ಹಸಿ ಕಬ್ಬಿನ ಹಾಲು ದೊರೆಯುವುದು ಆಲೆಮನೆಯ ದಿನಗಳಲ್ಲಿ. ಮಳೆಗಾಲದಲ್ಲಿ ಬೆಲ್ಲ ಹಾಕಿ ಮಾಡುವುದಾದರೆ ಬರಹವೂ ಬದಲಾಗಬೇಕು: ಕನ್ನಡದಲ್ಲಿ ‘ಜೋನಿ ಬೆಲ್ಲ’, ಹಿಂದಿಯಲ್ಲಿ ‘ಗುಡ್’. ಅದರಿಂದ ಕಾಲವೂ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಕೊನೆಯ ಪರೀಕ್ಷೆ ಗಡಿಯಾರದ್ದಲ್ಲ, ಕಿವಿಯದು. ಬರಹವನ್ನು ಕಾಣದ ಒಬ್ಬರು ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿರಲಿ. ಹೊರಗಿನ ಕೋಣೆಯಿಂದ ಒಂದೇ ಬಾರಿ ಓದಬೇಕು. ಏನು ಮಾರುತ್ತಾರೆ, ಎಲ್ಲಿ ಸಿಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಅವರು ಒಗ್ಗರಣೆಯ ಸದ್ದಿನ ನಡುವೆಯೂ ಉತ್ತರಿಸಿದರೆ ಬರಹ ಗೆದ್ದಿತು. “ತುಂಬ ಚೆನ್ನಾಗಿತ್ತು, ಯಾವ ಊರದು?” ಎಂದು ಕೇಳಿದರೆ, ಯಜಮಾನ ಹಣ ಕಟ್ಟುವ ಮೊದಲು ಇನ್ನೊಮ್ಮೆ ಲೇಖನಿ ಹಿಡಿಯುವುದು ಒಳಿತು.