ಆಕ್ಸಿಜನ್ ಬರಲಿ, ಉತ್ಕರ್ಷಣ ಉಳಿಯಲಿ

ಪಠ್ಯಪುಸ್ತಕ ಪರಿಷ್ಕರಣೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಅದೇ ಎರಡು ಬಣಗಳು ಎದ್ದು ನಿಲ್ಲುತ್ತವೆ. ಸಂಸ್ಕೃತದಿಂದ ಕಟ್ಟಿದ ಪಾರಿಭಾಷಿಕ ಪದಗಳಲ್ಲಿ ಒಂದನ್ನು ಬಿಟ್ಟರೂ ಕನ್ನಡ ಬಡವಾಯಿತು ಎನ್ನುವುದು ಒಂದು ಬಣ. ಪಿಯುಸಿಯಲ್ಲಿ ಹೇಗೂ ಇಂಗ್ಲಿಷಿನಲ್ಲೇ ವಿಜ್ಞಾನ ಓದಬೇಕು, ಹಾಗಾಗಿ ಎಲ್ಲವನ್ನೂ ಈಗಲೇ ಇಂಗ್ಲಿಷ್ ಮಾಡಿಬಿಡಿ ಎನ್ನುವುದು ಇನ್ನೊಂದು. ಇಬ್ಬರೂ ಪದದ ಕುಲ ಕೇಳುತ್ತಾರೆ, ಆ ಪದ ಪಾಠದೊಳಗೆ ಮಾಡುವ ಕೆಲಸವನ್ನು ಕೇಳುವುದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರ ಬಳಗ 1918ರಲ್ಲಿ ‘ವಿಜ್ಞಾನ’ ಪತ್ರಿಕೆ ಹೊರಡಿಸಿ ನೂರು ವರ್ಷ ದಾಟಿದ ಮೇಲೂ ನಾವು ಇಲ್ಲೇ ನಿಂತಿರುವುದು ಬೇಸರದ ಸಂಗತಿ.

ಹತ್ತನೇ ತರಗತಿಯ ರಸಾಯನಶಾಸ್ತ್ರದಿಂದ ಅಕ್ಕಪಕ್ಕದ ಎರಡು ಪದಗಳನ್ನು ತೆಗೆದುಕೊಳ್ಳೋಣ: ಆಮ್ಲಜನಕ ಮತ್ತು ಉತ್ಕರ್ಷಣ. ಎರಡೂ ಸಂಸ್ಕೃತದವೇ. ಆದರೆ ಮೊದಲನೆಯದು ಹೋಗಬೇಕು, ಎರಡನೆಯದು ಉಳಿಯಬೇಕು ಎಂಬುದು ನಮ್ಮ ನಿಲುವು.

ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ನಂಬಿ ಫ್ರಾನ್ಸಿನ ರಸಾಯನವಿಜ್ಞಾನಿ ಲವಾಸಿಯೇ 1777ರಲ್ಲಿ ಗ್ರೀಕಿನಿಂದ ಅದಕ್ಕೆ ಆಕ್ಸಿಜನ್ ಎಂಬ ಹೆಸರು ಕಟ್ಟಿದ; ಆಮ್ಲಜನಕ ಅದರ ನೇರ ಅನುವಾದ. ನಂಬಿಕೆ ತಪ್ಪಾಗಿತ್ತು. 1810ರ ಹೊತ್ತಿಗೆ ಹಂಫ್ರಿ ಡೇವಿ ಕ್ಲೋರಿನ್ ಒಂದು ಧಾತು ಎಂದು ತೋರಿಸಿದ ಮೇಲೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂಬುದು ಖಚಿತವಾಯಿತು. ಇಂಗ್ಲಿಷ್ ಓದುವ ಮಗುವಿಗೆ ಈ ತಪ್ಪಿನಿಂದ ತೊಂದರೆಯಿಲ್ಲ, ‘ಆಕ್ಸಿಜನ್’ ಎಂಬ ಸದ್ದಿನಲ್ಲಿ ಅದಕ್ಕೆ ಆಮ್ಲ ಕೇಳಿಸುವುದಿಲ್ಲ. ನಮ್ಮ ಮಗುವಿಗೆ ಕೇಳಿಸುತ್ತದೆ. ಆಮ್ಲವೂ ಗೊತ್ತು, ಜನಕನೂ ಗೊತ್ತು. ಹೀಗೆ ಕಲಿತ ಮಗು ಆಮ್ಲ-ಪ್ರತ್ಯಾಮ್ಲಗಳ ಪಾಠಕ್ಕೆ ಬಂದರೆ, ನೀರಿನಲ್ಲಿ ಆಮ್ಲದ ಗುಣ ತೋರಿಸುವುದು H⁺ ಅಯಾನು, ಅಂದರೆ ಜಲಜನಕದ ಕಡೆಯದು ಎಂದು ಪುಸ್ತಕ ಹೇಳುತ್ತದೆ. HCl ಬರೆದು ಇದರಲ್ಲಿ ಆಮ್ಲಜನಕ ಎಲ್ಲಿದೆ ಎಂದು ಮಗು ಕೇಳಿದರೆ ಮೇಷ್ಟ್ರು ಏನು ಹೇಳಬೇಕು? ಫ್ರಾನ್ಸಿನಲ್ಲಿ ಆದ ತಪ್ಪನ್ನು ನಾವು ಅರ್ಥ ಬಿಡಿಸಿ ಮಗುವಿನ ಕೈಗಿಟ್ಟಿದ್ದೇವೆ. ಸಾಲದ್ದಕ್ಕೆ ಆಕ್ಸೈಡ್ ಎಂಬ ಪದವನ್ನು ಎಂದೋ ಒಪ್ಪಿಕೊಂಡಿದ್ದೇವೆ. ಆಕ್ಸಿಜನ್ ಎಂದರೆ ಆಕ್ಸೈಡಿನ ನಂಟು ತಾನಾಗಿ ಕಾಣುತ್ತದೆ.

ಉತ್ಕರ್ಷಣದ ಕಥೆ ಬೇರೆ. ಪಿಂಗಾಣಿ ಬಟ್ಟಲಲ್ಲಿ ತಾಮ್ರದ ಪುಡಿ ಹಾಕಿ ಕಾಯಿಸಿ. ಮೇಲೆ ಕಪ್ಪು ಪದರ ಕಟ್ಟುತ್ತದೆ, ಅದು CuO. ತಾಮ್ರ ಉತ್ಕರ್ಷಣಗೊಂಡಿತು. ಬಿಸಿ ಇರುವಾಗಲೇ ಹೈಡ್ರೋಜನ್ ಹಾಯಿಸಿದರೆ ಕಪ್ಪು ಹೋಗಿ ಕಂದು ಬಣ್ಣ ಮರಳುತ್ತದೆ, ಅದು ಅಪಕರ್ಷಣ. ಇಲ್ಲಿ ಆಕ್ಸಿಜನ್ ಸೇರುವುದು, ಬಿಡುವುದು ಎಂಬ ವಿವರಣೆ ಸಾಕು. ಮುಂದೆ ಸೋಡಿಯಂ ಕ್ಲೋರಿನ್ನಿನಲ್ಲಿ ಉರಿದು ಉಪ್ಪಾಗುವುದನ್ನು ನೋಡಿ. ಆಕ್ಸಿಜನ್ನಿನ ಸುಳಿವೇ ಇಲ್ಲ, ಆದರೂ ಸೋಡಿಯಂ ಉತ್ಕರ್ಷಣಗೊಂಡಿತು ಎನ್ನುತ್ತೇವೆ, ಏಕೆಂದರೆ ಅದು ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟಿತು. ಋಣ ಆವೇಶ ಹೊರಹೋದದ್ದರಿಂದ ಅದರ ಉತ್ಕರ್ಷಣ ಸಂಖ್ಯೆ ಸೊನ್ನೆಯಿಂದ +1ಕ್ಕೆ ಏರಿತು. ತಾಮ್ರದಲ್ಲೂ ಆದದ್ದು ಇದೇ: ಸೊನ್ನೆಯಿಂದ +2. ಉತ್ಕರ್ಷ ಎಂದರೆ ಏರುವುದು, ಅಪಕರ್ಷ ಎಂದರೆ ಇಳಿಯುವುದು. ಇಂಗ್ಲಿಷಿನ ಆಕ್ಸಿಡೇಷನ್ ಎಂಬ ಪದ ಇಂದಿಗೂ ಆಕ್ಸಿಜನ್ನಿಗೆ ಗಂಟು ಬಿದ್ದಿದೆ. ಕನ್ನಡದ ಪದ ಹಳೆಯ ವಿವರಣೆಗೂ ಸಲ್ಲುತ್ತದೆ, ಎಲೆಕ್ಟ್ರಾನುಗಳ ವಿವರಣೆಗೂ ಸಲ್ಲುತ್ತದೆ. ಇಷ್ಟು ಒಳ್ಳೆಯ ಪದವನ್ನು, ಉಚ್ಚರಿಸಲು ಕಷ್ಟ ಎಂಬ ಒಂದೇ ಕಾರಣಕ್ಕೆ ಕಿತ್ತೊಗೆಯಲು ಹೊರಟವರ ಬಗ್ಗೆ ನಮಗೆ ಸಿಟ್ಟಿದೆ.

ಪಿಯುಸಿಯ ವಾದದಲ್ಲೂ ಹುರುಳು ಕಡಿಮೆ. ಕನ್ನಡ ಮಾಧ್ಯಮದ ಹುಡುಗಿ ಕಾಲೇಜಿನ ಮೊದಲ ತಿಂಗಳು ತತ್ತರಿಸುವುದು ಆಕ್ಸಿಡೇಷನ್ ಎಂಬ ಒಂದು ಪದದಿಂದಲ್ಲ, ಆ ಪದವನ್ನು ಸುತ್ತುವರಿದ ಇಡೀ ಇಂಗ್ಲಿಷ್ ವಾಕ್ಯದಿಂದ. ಪಠ್ಯದಲ್ಲಿ ಪದಗಳನ್ನಷ್ಟೇ ಬದಲಿಸಿದರೆ ವಾಕ್ಯಕ್ಕೆ ಅವಳು ಸಿದ್ಧಳಾಗುವುದಿಲ್ಲ. ಉತ್ಕರ್ಷಣ ಮೊದಲ ಸಲ ಬಂದಲ್ಲಿ ಪಕ್ಕದಲ್ಲೇ ಆಕ್ಸಿಡೇಷನ್ ಎಂದು ಕನ್ನಡ ಲಿಪಿಯಲ್ಲೂ ಇಂಗ್ಲಿಷಿನಲ್ಲೂ ಕೊಡಿ, ಅಧ್ಯಾಯದ ಕೊನೆಗೆ ನಾಲ್ಕಾರು ಇಂಗ್ಲಿಷ್ ವಾಕ್ಯಗಳನ್ನು ಓದಿಸಿ. ಅದು ಉಪಯೋಗಕ್ಕೆ ಬರುವ ಸಹಾಯ.

ಧಾತು, ಸಂಯುಕ್ತ, ಮಾನಗಳ ಹೆಸರುಗಳನ್ನು ಅಂತರರಾಷ್ಟ್ರೀಯ ರೂಪದಲ್ಲೇ ಇಟ್ಟುಕೊಳ್ಳಿ ಎಂದು ಕೇಂದ್ರದ ಪಾರಿಭಾಷಿಕ ಶಬ್ದಾವಳಿ ಆಯೋಗ ಬಹಳ ಹಿಂದೆಯೇ ಹೇಳಿದೆ. ಅದನ್ನು ಒಪ್ಪುತ್ತೇವೆ. ಆದರೆ ಕ್ರಿಯೆಯನ್ನು, ಗುಣವನ್ನು ಹೇಳುವ ಪದ ಬಂದಾಗ ಒಂದೊಂದನ್ನೂ ಪಾಠದೊಳಗಿಟ್ಟು ಪರೀಕ್ಷಿಸಬೇಕು. ಆ ಪರೀಕ್ಷೆ ನಡೆಸುವ ಸಮಿತಿಯಲ್ಲಿ ಭಾಷಾತಜ್ಞರಷ್ಟೇ ಸಂಖ್ಯೆಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಇರಬೇಕು, ಪದಪಟ್ಟಿ ಅಚ್ಚಿಗೆ ಹೋಗುವ ಮೊದಲು ಅವರ ತರಗತಿಗಳಲ್ಲಿ ಒಂದು ವರ್ಷ ಓಡಾಡಿ ಬರಬೇಕು.